ಎರಡು ತುಂಡು, ಒಂದೇ ಕೀ

ಬಾಗಲೂರಿನಲ್ಲಿ ಯಂತ್ರದ ಬಿಡಿಭಾಗ ಮಾಡುವ ಒಂದು ಸಣ್ಣ ವರ್ಕ್‌ಶಾಪ್ ಇದೆ, ಅದು ತನ್ನ ಡೊಮೇನ್‌ನಿಂದ ಕೊಟೇಶನ್, ಬಿಲ್ಲು ಕಳಿಸುತ್ತದೆ ಎಂದಿಟ್ಟುಕೊಳ್ಳಿ. ಆ ಮೇಲ್ ನಿಜಕ್ಕೂ ಅಲ್ಲಿಂದಲೇ ಹೊರಟಿತೇ, ದಾರಿಯಲ್ಲಿ ಯಾರಾದರೂ ತಿದ್ದಿದರೇ ಎಂದು ನೋಡುವುದಕ್ಕೆ ಡಿಕೆಐಎಂ ಸಹಿ ಬೇಕು. ಕಳಿಸುವ ಸರ್ವರ್ ತನ್ನ ಖಾಸಗಿ ಕೀಯಿಂದ ಸಹಿ ಹಾಕುತ್ತದೆ. ಪಡೆಯುವ ಸರ್ವರ್, ಡಿಎನ್‌ಎಸ್‌ನಲ್ಲಿ ಟೆಕ್ಸ್ಟ್ ರೆಕಾರ್ಡ್ ಆಗಿ ಇಟ್ಟ ಸಾರ್ವಜನಿಕ ಕೀ ತೆಗೆದುಕೊಂಡು ಆ ಸಹಿಯನ್ನು ತಾಳೆ ನೋಡುತ್ತದೆ.

ಇಕ್ಕಟ್ಟು ಶುರುವಾಗುವುದು ಆ ರೆಕಾರ್ಡಿನಲ್ಲಿ. 1987ರ ಡಿಎನ್‌ಎಸ್ ನಿಯಮದಂತೆ ಟೆಕ್ಸ್ಟ್ ರೆಕಾರ್ಡಿನ ಪ್ರತಿ ಸ್ಟ್ರಿಂಗಿನ ಮುಂದೆ ಅದರ ಉದ್ದವನ್ನು ಒಂದೇ ಒಂದು ಬೈಟಿನಲ್ಲಿ ಬರೆದಿರುತ್ತದೆ. ಒಂದು ಬೈಟಿಗೆ 255ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸದು. ಹಳೆಯ 1024 ಬಿಟ್ ಆರ್‌ಎಸ್‌ಎ ಕೀ 216 ಅಕ್ಷರ. ಮುಂದಿನ `v=DKIM1; k=rsa; p=` ಎಂಬ 18 ಸೇರಿದರೂ 234, ನಿರಾಳವಾಗಿ ಕೂರುತ್ತಿತ್ತು. 2018ರ ಆರ್‌ಎಫ್‌ಸಿ 8301 ಕನಿಷ್ಠ 2048 ಬಿಟ್ ಬಳಸಿ ಎಂದು ಶಿಫಾರಸು ಮಾಡಿತು. ಆ ಕೀ 392 ಅಕ್ಷರ, ಒಟ್ಟು 410. ಕತ್ತರಿಸದೆ ವಿಧಿಯಿಲ್ಲ.

```
s1._domainkey IN TXT (
  "v=DKIM1; k=rsa; "
  "p=MIIBIjANBgkqhkiG9w0BAQ..."
  "...IDAQAB" )
```

ಇಲ್ಲಿ ಚುಕ್ಕಿಗಳು ಬಿಟ್ಟ ಅಕ್ಷರಗಳ ಗುರುತು ಮಾತ್ರ. ಮೂರು ಸ್ಟ್ರಿಂಗ್, ರೆಕಾರ್ಡ್ ಒಂದೇ. ಓದುವ ಸರ್ವರ್ ಇವನ್ನು ನಡುವೆ ಏನೂ ಸೇರಿಸದೆ ಒಂದರ ಬೆನ್ನಿಗೆ ಒಂದನ್ನು ಅಂಟಿಸಬೇಕು ಎಂದು ಡಿಕೆಐಎಂ ನಿಯಮ ಖಚಿತವಾಗಿ ಹೇಳುತ್ತದೆ. ಹಾಗಾಗಿ ಎಲ್ಲಿ ಕತ್ತರಿಸಿದರೂ ನಡೆಯುತ್ತದೆ, ಕೀಯ ನಟ್ಟನಡುವೆಯಾದರೂ ಸರಿ. ಉಲ್ಲೇಖ ಚಿಹ್ನೆಯ ಹೊರಗಿನ ಜಾಗ ನಮ್ಮ ಕಣ್ಣಿಗಷ್ಟೇ. ಒಳಗಿನ ಪ್ರತಿ ಅಕ್ಷರವೂ ರೆಕಾರ್ಡಿನ ಪಾಲು. ಹೊಸ ನಿಯಮಕ್ಕಾಗಿ ಹಳೆಯ ಡಿಎನ್‌ಎಸ್ಸನ್ನು ಮುಟ್ಟದೆಯೇ ಕೆಲಸ ಸಾಧಿಸಿದ ಈ ಜಾಣ್ಮೆ ನನಗೆ ತುಂಬ ಇಷ್ಟ.

ಕತ್ತರಿಸದೆ ಬಿಟ್ಟರೆ ಬೈಂಡ್ ಸರ್ವರ್ `ran out of space` ಎಂದು ಝೋನ್ ಫೈಲನ್ನು ತಳ್ಳಿಹಾಕುತ್ತದೆ. ಅದು ಒಳ್ಳೆಯ ತಪ್ಪು, ಕೂಡಲೇ ಗೊತ್ತಾಗುತ್ತದೆ. ಉಲ್ಲೇಖ ಚಿಹ್ನೆ ಮರೆತರೆ ಬೇರೆ ಕಥೆ: ಝೋನ್ ಫೈಲಿನಲ್ಲಿ ಅರ್ಧವಿರಾಮದಿಂದ ಆಚೆಗಿನದೆಲ್ಲ ಟಿಪ್ಪಣಿ, ಆ ಸಾಲಿನ ಉಳಿದ ಭಾಗ ಸದ್ದಿಲ್ಲದೆ ಮಾಯ. ಇನ್ನೂ ಹೆಚ್ಚು ಕಾಡುವುದು ಎರಡು ತುಂಡನ್ನು ಒಂದೇ ಹೆಸರಿನ ಎರಡು ಪ್ರತ್ಯೇಕ ರೆಕಾರ್ಡ್ ಮಾಡಿ ಸೇರಿಸುವುದು. ರೆಕಾರ್ಡುಗಳು ಯಾವ ಕ್ರಮದಲ್ಲಿ ಬರುತ್ತವೆ ಎಂಬುದಕ್ಕೆ ಡಿಎನ್‌ಎಸ್ ಖಾತರಿ ಕೊಡುವುದಿಲ್ಲ, ಅವನ್ನು ಜೋಡಿಸಿ ಓದುವ ನಿಯಮವೂ ಇಲ್ಲ.

ನೋಡಿ ತಿಳಿಯುವುದು ಸುಲಭ:

```
dig +short TXT s1._domainkey.example.in
```

ಉತ್ತರ ಒಂದೇ ಸಾಲಿನಲ್ಲಿ, ತುಂಡುಗಳ ನಡುವೆ `" "` ಕಂಡರೆ ಜೋಡಣೆ ಸರಿ. ಎರಡು ಸಾಲು ಬಂದರೆ ಎರಡು ರೆಕಾರ್ಡ್ ಆಗಿವೆ. 2048 ಬಿಟ್ ಕೀ `IDAQAB` ಎಂದು ಮುಗಿಯದಿದ್ದರೆ ಬಾಲ ಕತ್ತರಿಸಿಹೋಗಿರುವ ಸಾಧ್ಯತೆಯೇ ಹೆಚ್ಚು. ಕೆಲವು ಡಿಎನ್‌ಎಸ್ ಪ್ಯಾನೆಲ್‌ಗಳು ಉದ್ದನೆಯ ಸಾಲನ್ನು ತಾವೇ ತುಂಡು ಮಾಡುತ್ತವೆ, ಕೆಲವು ನಮ್ಮಿಂದಲೇ ಮಾಡಿಸುತ್ತವೆ. ಹಾಗಾಗಿ ಸೇವ್ ಮಾಡಿದ ಮೇಲೆ ಪ್ರತಿಸಲವೂ ಹೀಗೆ ಕೇಳಿ ನೋಡಬೇಕು.

4096 ಬಿಟ್ ಕೀಯನ್ನೂ ಹೀಗೆಯೇ ಕತ್ತರಿಸಬಹುದು: ಒಟ್ಟು 754 ಅಕ್ಷರ, ಮೂರು ತುಂಡು. ಆದರೆ ಆಗ ಉತ್ತರ ಹಳೆಯ ಯುಡಿಪಿ ಮಿತಿಯಾದ 512 ಬೈಟನ್ನು ದಾಟುತ್ತದೆ, ದೊಡ್ಡ ಉತ್ತರ ಬಿಡದ ಫೈರ್‌ವಾಲ್ ಎದುರಾದರೆ ಕೀ ತಲುಪುವುದೇ ಇಲ್ಲ. ವರ್ಕ್‌ಶಾಪಿನ ಬಿಲ್ಲಿಗೆ 2048 ಸಾಕು.