ಕರಿಷ್ಯೇ ಎಂದ ಮೇಲೆ

2024ರ ಸೆಪ್ಟೆಂಬರ್ 17, ಮಂಗಳವಾರ. ಭಾದ್ರಪದ ಶುಕ್ಲ ಚತುರ್ದಶಿ. ಬೆಂಗಳೂರಿನ ಒಂದು ಮನೆಯಲ್ಲಿ ದಂಪತಿ ಹೊಸದಾಗಿ ಅನಂತಪದ್ಮನಾಭ ವ್ರತ ಹಿಡಿಯಲು ಮಣೆಯ ಮೇಲೆ ಕೂತಿದ್ದಾರೆ ಎಂದುಕೊಳ್ಳೋಣ. ಆಚಮನ, ಪ್ರಾಣಾಯಾಮ ಆಗಿದೆ. ಪುರೋಹಿತರು ಹೇಳಿದಂತೆ ಯಜಮಾನರು ಎಡ ಅಂಗೈಯನ್ನು ಬಲತೊಡೆಯ ಮೇಲೆ ಮೇಲ್ಮುಖವಾಗಿ ಇಟ್ಟು, ಅಕ್ಷತೆ ಹಿಡಿದ ಬಲಗೈಯನ್ನು ಅದರ ಮೇಲೆ ಮುಚ್ಚುತ್ತಾರೆ. ಅಲ್ಲಿಂದ ಶುರುವಾಗುವ ಉದ್ದನೆಯ ಸಂಸ್ಕೃತ ವಾಕ್ಯವೇ ಸಂಕಲ್ಪ. ಹೆಚ್ಚಿನ ಮನೆಗಳಲ್ಲಿ ಪುರೋಹಿತರು ಅದನ್ನು ವೇಗವಾಗಿ ಹೇಳಿಕೊಂಡು ಹೋಗುತ್ತಾರೆ. ಯಜಮಾನರಿಗೆ ತಮ್ಮ ಗೋತ್ರ, ನಕ್ಷತ್ರ, ಹೆಸರು ಬಂದಾಗ ಮಾತ್ರ ಕಿವಿ ನೆಟ್ಟಗಾಗುತ್ತದೆ. ಆದರೆ ಆ ದಿನದ ಪೂಜೆಯಲ್ಲಿ ಅವರನ್ನು ಕಟ್ಟಿಹಾಕುವ ಮಾತು ಇದೊಂದೇ.

ಸಂಕಲ್ಪ ಮೊದಲು ಕಾಲವನ್ನು ಹೇಳುತ್ತದೆ. ಬ್ರಹ್ಮನ ಆಯುಸ್ಸಿನ ಎರಡನೆಯ ಅರ್ಧ, ಶ್ವೇತವರಾಹ ಕಲ್ಪ, ವೈವಸ್ವತ ಮನ್ವಂತರ, ಇಪ್ಪತ್ತೆಂಟನೆಯ ಕಲಿಯುಗ, ಅದರ ಮೊದಲ ಪಾದ. ಆಮೇಲೆ ಜಾಗ: ಜಂಬೂದ್ವೀಪ, ಭರತಖಂಡ, ಗೋದಾವರಿಯ ದಕ್ಷಿಣ ತೀರ. ಕರಾವಳಿಯಲ್ಲಿ ಇಲ್ಲಿ ಪರಶುರಾಮ ಕ್ಷೇತ್ರವೂ ಸೇರುತ್ತದೆ. ಅಮೆರಿಕದ ಕನ್ನಡಿಗರ ಮನೆಗಳಲ್ಲಿ ಜಂಬೂದ್ವೀಪದ ಬದಲು ಕ್ರೌಂಚದ್ವೀಪ ಎನ್ನುವ ರೂಢಿಯಿದೆ. ನಿಂತ ನೆಲ ಬದಲಾದರೆ ಮಾತೂ ಬದಲಾಗಬೇಕು ಎಂಬ ಎಚ್ಚರ ಅದು. ಮತ್ತೆ ಕಾಲಕ್ಕೆ ಬಂದು ಕ್ರೋಧಿ ಸಂವತ್ಸರ, ದಕ್ಷಿಣಾಯನ, ವರ್ಷ ಋತು, ಭಾದ್ರಪದ ಮಾಸ, ಶುಕ್ಲ ಪಕ್ಷ, ಚತುರ್ದಶಿ, ಮಂಗಳವಾರ, ಆ ದಿನದ ನಕ್ಷತ್ರ ಎಂದು ಇಳಿಯುತ್ತಾ ಇಳಿಯುತ್ತಾ ಆ ಬೆಳಗಿಗೇ ತಲುಪುತ್ತದೆ. ನಂತರ ಯಾರು, ಯಾತಕ್ಕಾಗಿ, ಯಾವ ದೇವರಿಗೆ, ಯಾವ ಪೂಜೆ. ಜಮೀನಿನ ಕ್ರಯಪತ್ರದಲ್ಲಿ ತಾರೀಖು, ಕಕ್ಷಿದಾರರು, ಚಕ್ಕುಬಂದಿ ಬರೆದು ಆಮೇಲೆ ಸಹಿ ಹಾಕಿಸುವ ಹಾಗೆಯೇ ಇದು. ಇಷ್ಟೆಲ್ಲ ಸೇರಿ ಒಂದೇ ವಾಕ್ಯ. ಅದರ ಕ್ರಿಯಾಪದ ಕಟ್ಟಕಡೆಗೆ ಬರುತ್ತದೆ: ಕರಿಷ್ಯೇ, ಮಾಡುತ್ತೇನೆ. ಆ ಮಾತಿಗೆ ಸರಿಯಾಗಿ ಹೆಂಡತಿ ಗಂಡನ ಕೈಮೇಲೆ ಒಂದು ಉದ್ಧರಣೆ ನೀರು ಬಿಡುತ್ತಾರೆ, ಅಕ್ಷತೆ ತಟ್ಟೆಗೆ ಜಾರುತ್ತದೆ. ಮಾತು ಕೈಬಿಟ್ಟ ಹಾಗಾಯಿತು. ಇನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ.

ಇದನ್ನು ಹರಕೆಯ ಜೊತೆ ಬೆರೆಸುವವರು ಬಹಳ. ಹರಕೆಯಲ್ಲಿ ಒಂದು ಷರತ್ತು ಇರುತ್ತದೆ. ಮಗನಿಗೆ ವಾಸಿಯಾದರೆ ಮುಡಿ ಕೊಡುತ್ತೇನೆ ಎಂದವನ ಮೇಲೆ ಸಾಲ ಬರುವುದು ಮಗ ಎದ್ದು ಓಡಾಡಿದ ಮೇಲೆ. ಸಂಕಲ್ಪದಲ್ಲಿ ಬೇಡಿಕೆ ಇದ್ದರೂ ಷರತ್ತು ಇಲ್ಲ. ಆಯುಸ್ಸು, ಆರೋಗ್ಯ, ಐಶ್ವರ್ಯ ಬೇಕು ಎಂದು ಉದ್ದೇಶ ಹೇಳಿದ ಮೇಲೂ ಕ್ರಿಯಾಪದ ಬರಿಯ ಮಾಡುತ್ತೇನೆ ಅಷ್ಟೇ. ಜೈಮಿನಿಯ ಮೀಮಾಂಸಾ ಸೂತ್ರಗಳ ಆರನೆಯ ಅಧ್ಯಾಯದಲ್ಲಿ ಇದೇ ಪ್ರಶ್ನೆಯ ಚರ್ಚೆಯಿದೆ. ಏನನ್ನೋ ಬಯಸಿ ಕರ್ಮ ಶುರುಮಾಡಿದ, ನಡುವೆ ಆ ಬಯಕೆಯೇ ಹೋಯಿತು, ಇಲ್ಲವೇ ಬಯಸಿದ್ದು ಮೊದಲೇ ಸಿಕ್ಕಿತು. ಬಿಟ್ಟುಬಿಡಬಹುದೇ? ಬಿಡುವಂತಿಲ್ಲ ಎಂಬುದು ಅಲ್ಲಿಯ ತೀರ್ಮಾನ. ಶುರುಮಾಡುವುದು ಬಿಡುವುದು ನಿನ್ನಿಷ್ಟ, ಶುರುಮಾಡಿದ ಮೇಲೆ ಮುಗಿಸುವುದು ನಿನ್ನಿಷ್ಟವಲ್ಲ. ಈ ತೀರ್ಪಿನ ಬಿಗಿ ನನಗೆ ಬಹಳ ಹಿಡಿಸುತ್ತದೆ, ಏಕೆಂದರೆ ಅದು ಕೊಡುವ ದೇವರನ್ನು ಕಾಯುವುದಿಲ್ಲ, ಮಾತಾಡಿದ ಮನುಷ್ಯನನ್ನು ಹಿಡಿಯುತ್ತದೆ.

ಹಾಗಾದರೆ ಶುರು ಎಂದರೆ ಯಾವುದು? ಮನೆಯಲ್ಲಿ ಸೂತಕ ಬಂದಾಗ ಈ ಪ್ರಶ್ನೆ ನಿಜವಾಗಿ ಮುಖಕ್ಕೆ ಬಂದು ನಿಲ್ಲುತ್ತದೆ. ಕಮಲಾಕರ ಭಟ್ಟರ ನಿರ್ಣಯಸಿಂಧುವಿನಂಥ ಗ್ರಂಥಗಳನ್ನು ನೋಡುವ ಪುರೋಹಿತರು ಕೊಡುವ ಉತ್ತರ ಇದು: ಶುರುವಾದ ಕರ್ಮಕ್ಕೆ ಸೂತಕ ಅಡ್ಡಿಯಲ್ಲ, ಶುರುವಾಗದ್ದಕ್ಕೆ ಅಡ್ಡಿ. ಯಜ್ಞ ಶುರುವಾಗುವುದು ಋತ್ವಿಜರನ್ನು ವರಿಸಿದಾಗ, ಮದುವೆ ನಾಂದಿಯಿಂದ, ಶ್ರಾದ್ಧ ಅಡುಗೆ ಅಣಿಯಾದಾಗ, ವ್ರತ ಸಂಕಲ್ಪದಿಂದ. ಅಂದರೆ ಕಲಶ ಇಟ್ಟು, ಹೂ ಜೋಡಿಸಿ, ನೈವೇದ್ಯ ಸಿದ್ಧಮಾಡಿದ್ದರೂ ನೀರು ಬಿಡುವ ಮುಂಚೆ ಸಾವಿನ ಸುದ್ದಿ ಬಂದರೆ ವ್ರತ ನಿಲ್ಲುತ್ತದೆ. ನೀರು ಬಿಟ್ಟ ಮರುಕ್ಷಣ ಬಂದರೆ ನಡೆಯುತ್ತದೆ. ಒಂದು ಉದ್ಧರಣೆ ನೀರಿನ ಆಚೆ ಈಚೆ ಇಷ್ಟು ವ್ಯತ್ಯಾಸ.

ನಮ್ಮ ದಂಪತಿಯ ವಿಷಯಕ್ಕೆ ಬರೋಣ. ಅನಂತನ ವ್ರತ ಹದಿನಾಲ್ಕು ವರ್ಷದ್ದು. ಹದಿನಾಲ್ಕು ಗಂಟಿನ ಕೆಂಪು ದಾರವನ್ನು ಪೂಜಿಸಿ ಗಂಡಸರು ಬಲತೋಳಿಗೆ, ಹೆಂಗಸರು ಎಡತೋಳಿಗೆ ಕಟ್ಟಿಕೊಳ್ಳುತ್ತಾರೆ. ಹೊಸದಾಗಿ ಹಿಡಿಯುವಾಗ ಇಷ್ಟು ವರ್ಷ ಎಂಬ ಅವಧಿಯನ್ನೂ ಸಂಕಲ್ಪದಲ್ಲಿ ಸೇರಿಸುವುದುಂಟು. ಸೇರಿಸಿದರೆ ಕ್ರೋಧಿಯಲ್ಲಿ ಆಡಿದ ಮಾತಿನ ಹದಿನಾಲ್ಕನೆಯ ಪೂಜೆ 2037ರ ಪಿಂಗಳ ಸಂವತ್ಸರದಲ್ಲಿ ಬೀಳುತ್ತದೆ. ಉದ್ಯಾಪನೆ ಆಗುವತನಕ ಅವರು ವ್ರತಸ್ಥರು. ಅಷ್ಟು ವರ್ಷಗಳಲ್ಲಿ ಕೆಲಸ ಬದಲಾಗುತ್ತದೆ, ಊರು ಬದಲಾಗುತ್ತದೆ, ಕಾಯಿಲೆ ಬರುತ್ತದೆ. ಶಾಸ್ತ್ರಕಾರರಿಗೆ ಇದು ಗೊತ್ತಿರಲಿಲ್ಲ ಎಂದಲ್ಲ.

ಅವರ ಔದಾರ್ಯ ಸಂಕಲ್ಪದ ಒಳಗೇ ಇದೆ. ಯಥಾಶಕ್ತಿ ಎಂದರೆ ಕೈಲಾದಷ್ಟು. ಸಂಭವದ್ಭಿಃ ದ್ರವ್ಯೈಃ ಎಂದರೆ ಒದಗಿದ ಸಾಮಗ್ರಿಯಿಂದ. ಹೀಗೆ ಹೇಳಿದವನು ಹದಿನಾರು ಉಪಚಾರಕ್ಕೆ ಒಪ್ಪಿಕೊಂಡಿದ್ದಾನೆಯೇ ಹೊರತು ಬೆಳ್ಳಿ ಕಲಶಕ್ಕಲ್ಲ. ವಸ್ತ್ರವಿಲ್ಲದಿದ್ದರೆ ಅಕ್ಷತೆ ಹಾಕಿದರೂ ಮಾತು ಉಳಿಯುತ್ತದೆ. ಆದರೆ ಸಂಖ್ಯೆ ಹೇಳಿದರೆ ಈ ಸಡಿಲ ಅದಕ್ಕೆ ಸಲ್ಲದು. ಸಾವಿರದೆಂಟು ಜಪ ಎಂದವನು ನೂರೆಂಟಕ್ಕೆ ಏಳುವಂತಿಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. ಉತ್ಸಾಹದಲ್ಲಿ ದೊಡ್ಡ ಸಂಖ್ಯೆ ಹೇಳಿಸಿಕೊಂಡು ಆಮೇಲೆ ಗಡಿಯಾರ ನೋಡುತ್ತಾರೆ.

ಉಪವಾಸ ಹಿಡಿದವರಿಗೂ ವಿನಾಯಿತಿಗಳಿವೆ. ನೀರು, ಗೆಡ್ಡೆ, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣರ ಇಚ್ಛೆ, ಗುರುವಿನ ಮಾತು, ಔಷಧ ಈ ಎಂಟರಿಂದ ವ್ರತ ಕೆಡುವುದಿಲ್ಲ. ಸಕ್ಕರೆ ಕಾಯಿಲೆಯವರು ಮಾತ್ರೆ ಬಿಟ್ಟು ಉಪವಾಸ ಕೂರುವುದನ್ನು ನೋಡಿದಾಗ ಈ ಪಟ್ಟಿಯನ್ನು ಗಟ್ಟಿಯಾಗಿ ಓದಿ ಹೇಳಬೇಕು ಎನಿಸುತ್ತದೆ. ಸಿಟ್ಟಿನಿಂದಲೋ ಮರೆವಿನಿಂದಲೋ ಆಸೆಯಿಂದಲೋ ವ್ರತ ಮುರಿದರೆ ಮೂರು ದಿನ ಉಪವಾಸ ಅಥವಾ ಮುಂಡನ ಪ್ರಾಯಶ್ಚಿತ್ತ. ಆಮೇಲೆ ವ್ರತವನ್ನು ಮತ್ತೆ ಹಿಡಿಯಬೇಕು. ದಂಡ ಕಟ್ಟಿದ ಮಾತ್ರಕ್ಕೆ ಬಿಡುಗಡೆಯಿಲ್ಲ.

ಪ್ರತಿನಿಧಿಯ ವಿಷಯದಲ್ಲಿ ಇನ್ನೂ ಸೂಕ್ಷ್ಮವಾದ ನಿಯಮವಿದೆ. ಕಾಮ್ಯ ವ್ರತವನ್ನು ಇನ್ನೊಬ್ಬರ ಕೈಯಲ್ಲಿ ಶುರುಮಾಡಿಸುವಂತಿಲ್ಲ. ತಾನೇ ಶುರುಮಾಡಿದ ಮೇಲೆ ಅಶಕ್ತನಾದರೆ ಹೆಂಡತಿ, ಗಂಡ, ಮಗ, ತಮ್ಮ, ಪುರೋಹಿತ ಯಾರಾದರೂ ಮುಂದುವರಿಸಬಹುದು ಎಂದು ಹಲವರು ಒಪ್ಪುತ್ತಾರೆ. ಪೂಜೆ ಮಾಡುವ ಕೈ ಬದಲಾಗಬಹುದು, ಮಾಡುತ್ತೇನೆ ಎಂದ ಬಾಯಿ ಬದಲಾಗದು. ದೇವಸ್ಥಾನದಲ್ಲಿ ಅರ್ಚನೆಗೆ ಹೆಸರು, ನಕ್ಷತ್ರ ಹೇಳಿ ಕೈಮುಗಿದು ನಿಲ್ಲುವುದು ಬೇರೆ. ಅಲ್ಲಿ ಅರ್ಚಕರು ನಿಮಗಾಗಿ ಮಾಡುತ್ತೇನೆ ಎಂದಿರುತ್ತಾರೆ, ಫಲ ನಿಮ್ಮದಾದರೂ ಕೆಲಸದ ಹೊಣೆ ಅವರದು. ಮನೆಯಲ್ಲಿ ಮಣೆಯ ಮೇಲೆ ಕೂತು ಕರಿಷ್ಯೇ ಎಂದಾಗ ಫಲವೂ ಹೊಣೆಯೂ ಹೇಳಿದವರದೇ. ಪುರೋಹಿತರು ಮಾತನ್ನು ಎತ್ತಿಕೊಡುತ್ತಾರೆ ಅಷ್ಟೆ.

ಆದ್ದರಿಂದ ವ್ರತ ಹಿಡಿಯುವವರು ಹಿಂದಿನ ದಿನವೇ ಪುರೋಹಿತರ ಹತ್ತಿರ ಮೂರು ವಿಷಯ ಕೇಳಿಕೊಳ್ಳುವುದು ಒಳ್ಳೆಯದು: ಸಂಕಲ್ಪದಲ್ಲಿ ಎಷ್ಟು ವರ್ಷ ಎಂದು ಬರುತ್ತದೆ, ಎಷ್ಟು ಸಂಖ್ಯೆ ಎಂದು ಬರುತ್ತದೆ, ಯಾರ ಹೆಸರು ಬರುತ್ತದೆ. ಅರ್ಥ ಬಿಡಿಸಿ ಹೇಳಿ ಎಂದರೆ ಯಾವ ಒಳ್ಳೆಯ ಪುರೋಹಿತರೂ ಬೇಸರಪಡುವುದಿಲ್ಲ. ಹದಿನಾಲ್ಕು ವರ್ಷ ಕಷ್ಟ ಎನಿಸಿದರೆ ಅದನ್ನು ಹೇಳಬೇಕಾದದ್ದೂ ಆಗಲೇ, ಕೈಗೆ ಅಕ್ಷತೆ ಬರುವ ಮೊದಲು.