ಮೂದಲಿಕೆಯ ಮಾತು: ನಗೆಯೋ, ನೋವೋ?

ಮಾಸ್ಟರ್ ಹಿರಣ್ಣಯ್ಯನವರು (1934–2019) ತಮ್ಮ ‘ಲಂಚಾವತಾರ’ ನಾಟಕದಲ್ಲಿ ಲಂಚಕೋರರನ್ನು ಮೂದಲಿಸಿದಾಗ ಪ್ರೇಕ್ಷಕರು ಹೊಟ್ಟೆ ಹಿಡಿದು ನಗುತ್ತಿದ್ದರು. ಅದೇ ಬಗೆಯ ಮಾತು ಶಾಲೆಯ ಅಂಗಳದಲ್ಲಿ ಬಾಲಕನೊಬ್ಬನ ಕಣ್ಣಲ್ಲಿ ನೀರು ತರಿಸುವುದೇಕೆ? ಸ್ನೇಹಸಮ್ಮೇಳನಕ್ಕೆ ಪ್ರಹಸನ ಕಲಿಯುವ ಅಕ್ಕಲಕೋಟ ರಸ್ತೆ ಎಂಐಡಿಸಿಯ ನಮ್ಮ ಮಕ್ಕಳು ಇದನ್ನರಿಯುವುದು ಒಳಿತೆಂದು ನಾವು ಭಾವಿಸುತ್ತೇವೆ.

“ನಿನಗೆ ಬುದ್ಧಿಯಿದೆ; ಮನೆಯಲ್ಲಿಟ್ಟು ಬಂದಿದ್ದೀಯೆ” ಎಂಬ ವಾಕ್ಯವನ್ನು ತೆಗೆದುಕೊಳ್ಳೋಣ. ‘ಬುದ್ಧಿಯಿದೆ’ ಎಂದೊಡನೆ ಕೇಳುವವನು ಹೊಗಳಿಕೆಯನ್ನು ನಿರೀಕ್ಷಿಸುತ್ತಾನೆ. ಅಲ್ಲಿ ಒಂದು ಉಸಿರಿನಷ್ಟು ತಡೆದು, ಉಳಿದುದನ್ನು ಹಗುರವಾಗಿ, ಬೇಗನೆ ನುಡಿದರೆ ಆ ನಿರೀಕ್ಷೆ ತಲೆಕೆಳಗಾಗಿ ನಗೆ ಚಿಮ್ಮುತ್ತದೆ. ತಡೆಯದೆ ಓಡಿದರೆ ಚಮತ್ಕಾರವು ಕಿವಿಗೆ ಬೀಳದು. ಬಹಳ ಹೊತ್ತು ತಡೆದು, ಒಂದೊಂದಕ್ಷರವನ್ನೂ ಒತ್ತಿ ನುಡಿದರೆ ಅದು ತೀರ್ಪಿನಂತೆ ಬಡಿಯುತ್ತದೆ.

ಮುಖಭಾವದ ಪಾತ್ರವೂ ಕಡಮೆಯದಲ್ಲ. ನಟನು ಪೆದ್ದನಂತೆ ಕಣ್ಣರಳಿಸಿದರೆ ನಗೆಯ ಅರ್ಧಪಾಲು ಅವನ ಮೇಲೆಯೇ ಬೀಳುತ್ತದೆ. ತುಟಿ ಕೊಂಕಿಸಿ, ಸುತ್ತಲಿನವರ ಬೆಂಬಲಕ್ಕಾಗಿ ಅತ್ತಿತ್ತ ನೋಡಿದರೆ ಗುರಿಯಾದವನು ಒಂಟಿಯಾಗುತ್ತಾನೆ.

ಇದಕ್ಕೊಂದು ಮಿತಿಯುಂಟು. ಹಿರಣ್ಣಯ್ಯನವರ ಗುರಿ ಅಧಿಕಾರದಲ್ಲಿದ್ದವರು. ಅಂಗವೈಕಲ್ಯ, ಬಡತನ, ಜಾತಿಗಳನ್ನು ಕುರಿತ ಮೂದಲಿಕೆಯ ವಿಷವನ್ನು ಯಾವ ಅಭಿನಯವೂ ತೆಗೆಯಲಾರದು. ಗೆಳೆಯನ ನಗೆ ತಡವಾಗಿ, ತುಟಿಯಲ್ಲಷ್ಟೇ ಮೂಡಿದರೆ ಆ ಮಾತನ್ನು ಅಲ್ಲಿಗೇ ನಿಲ್ಲಿಸತಕ್ಕದ್ದು.