ಬಿಪಿ ಯಂತ್ರದ ಪಟ್ಟಿ ಮತ್ತು ತೋಳಿನ ಸುತ್ತಳತೆ

ತೋಳಿಗೆ ಕಟ್ಟುವ ಬಿಪಿ ಯಂತ್ರ ರಕ್ತನಾಳದೊಳಗಿನ ಒತ್ತಡವನ್ನು ನೇರವಾಗಿ ಅಳೆಯುವುದಿಲ್ಲ. ಅದು ಅಳೆಯುವುದು ಪಟ್ಟಿಯೊಳಗೆ ತುಂಬಿದ ಗಾಳಿಯ ಒತ್ತಡವನ್ನು. ಗಾಳಿ ತುಂಬಿದಾಗ ತೋಳಿನ ಅಪಧಮನಿ ಅದುಮಿಹೋಗಿ ರಕ್ತದ ಹರಿವು ನಿಲ್ಲುತ್ತದೆ. ಗಾಳಿ ನಿಧಾನವಾಗಿ ಇಳಿಯುತ್ತಿದ್ದಂತೆ ರಕ್ತ ಮತ್ತೆ ನುಗ್ಗತೊಡಗಿ, ನಾಡಿಯ ಮಿಡಿತ ಪಟ್ಟಿಯ ಗಾಳಿಯಲ್ಲಿ ಸಣ್ಣ ಕಂಪನಗಳನ್ನು ಎಬ್ಬಿಸುತ್ತದೆ. ಆ ಕಂಪನಗಳು ಹೇಗೆ ಏರಿ ಇಳಿಯುತ್ತವೆ ಎಂಬುದರಿಂದ ಮನೆಯ ಡಿಜಿಟಲ್ ಯಂತ್ರ ಮೇಲಿನ ಮತ್ತು ಕೆಳಗಿನ ಅಂಕಿಗಳನ್ನು ಲೆಕ್ಕ ಹಾಕುತ್ತದೆ. ಪಟ್ಟಿಯ ಒತ್ತಡ ಪೂರ್ತಿಯಾಗಿ ಅಪಧಮನಿಯನ್ನು ತಲುಪುತ್ತಿದೆ ಎಂಬ ನಂಬಿಕೆಯ ಮೇಲೆ ಈ ಲೆಕ್ಕವೆಲ್ಲ ನಿಂತಿದೆ. ಪಟ್ಟಿ ತೋಳಿಗೆ ಒಪ್ಪದಿದ್ದರೆ ಆ ನಂಬಿಕೆ ಸುಳ್ಳಾಗುತ್ತದೆ.

ಪಟ್ಟಿಯ ಬಟ್ಟೆಯೊಳಗೆ ಒಂದು ಗಾಳಿಚೀಲವಿರುತ್ತದೆ. ಅದರ ಅಗಲ ತೋಳಿನ ಸುತ್ತಳತೆಯ ಸುಮಾರು ಶೇ 40ರಷ್ಟಿರಬೇಕು. ಉದ್ದ ಸುತ್ತಳತೆಯ ಶೇ 75ರಿಂದ 100ರಷ್ಟನ್ನು ಸುತ್ತಿಕೊಳ್ಳಬೇಕು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಒತ್ತಡ ಆಳದಲ್ಲಿರುವ ಅಪಧಮನಿಯನ್ನು ಸರಿಯಾಗಿ ಮುಟ್ಟುವುದಿಲ್ಲ, ಅದನ್ನು ಅದುಮಲು ಹೆಚ್ಚು ಗಾಳಿ ಬೇಕಾಗುತ್ತದೆ. ಆ ಹೆಚ್ಚುವರಿ ಗಾಳಿಯೇ ಪರದೆಯ ಮೇಲೆ ರಕ್ತದೊತ್ತಡವಾಗಿ ಕಾಣಿಸುತ್ತದೆ. ಸಣ್ಣ ತೋಳಿಗೆ ದೊಡ್ಡ ಪಟ್ಟಿ ಕಟ್ಟಿದರೆ ಇದರ ತದ್ವಿರುದ್ಧ: ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಈ ತಪ್ಪು ಹೊಸದಾಗಿ ಪತ್ತೆಯಾದದ್ದಲ್ಲ. ಇಟಲಿಯ ವೈದ್ಯ ರೀವಾ ರೋಚ್ಚಿ 1896ರಲ್ಲಿ ತೋಳುಪಟ್ಟಿಯ ಉಪಕರಣ ರೂಪಿಸಿದಾಗ ಅದರ ಪಟ್ಟಿ 5 ಸೆಂ.ಮೀ. ಆಸುಪಾಸಿನಷ್ಟೇ ಅಗಲವಿತ್ತು. ಅಷ್ಟು ಕಿರಿದಾದ ಪಟ್ಟಿ ಒತ್ತಡವನ್ನು ಹೆಚ್ಚಿಸಿ ತೋರಿಸುತ್ತದೆಂದು ಜರ್ಮನಿಯ ರೆಕ್ಲಿಂಗ್‌ಹೌಸನ್ 1901ರಲ್ಲೇ ತೋರಿಸಿ, ಪಟ್ಟಿಯನ್ನು ಅಗಲಗೊಳಿಸಿದರು.

ತಪ್ಪಿನ ಗಾತ್ರ ಎಷ್ಟೆಂದು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಅಳೆದು ನೋಡಿದ್ದಾರೆ. 2023ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 195 ಮಂದಿಗೆ ಬೇರೆ ಬೇರೆ ಅಳತೆಯ ಪಟ್ಟಿಗಳನ್ನು ಕಟ್ಟಿ ಹೋಲಿಸಲಾಯಿತು. ದೊಡ್ಡ ಪಟ್ಟಿ ಬೇಕಿದ್ದವರಿಗೆ ಸಾಮಾನ್ಯ ಪಟ್ಟಿ ಕಟ್ಟಿದಾಗ ಮೇಲಿನ ಅಂಕಿ ಸರಾಸರಿ 4.8ರಷ್ಟು ಹೆಚ್ಚು ಬಂತು. ಅದಕ್ಕಿಂತ ದೊಡ್ಡ ಪಟ್ಟಿ ಬೇಕಿದ್ದವರಲ್ಲಿ ಹೆಚ್ಚಳ 19.5. ಸಣ್ಣ ಪಟ್ಟಿ ಬೇಕಿದ್ದವರಲ್ಲಿ 3.6ರಷ್ಟು ಕಡಿಮೆ ತೋರಿಸಿತು. ದಪ್ಪ ತೋಳಿನವರಿಗೆ ಬೇಡದ ಔಷಧ ಹತ್ತುವ ಅಪಾಯವಿದ್ದರೆ, ತೆಳ್ಳಗಿನ ತೋಳಿನ ವೃದ್ಧರಲ್ಲಿ ಇರುವ ಕಾಯಿಲೆಯೇ ಮರೆಯಾಗಿಬಿಡಬಹುದು. ಎರಡನೆಯದು ಹೆಚ್ಚು ಆತಂಕದ ಸಂಗತಿ, ಏಕೆಂದರೆ ಅಂಕಿ ಚೆನ್ನಾಗಿ ಬಂದಾಗ ಯಾರೂ ಮತ್ತೊಮ್ಮೆ ನೋಡುವುದಿಲ್ಲ.

ತೋಳಿನ ಸುತ್ತಳತೆ ತಿಳಿಯಲು ದರ್ಜಿಯ ಟೇಪು ಸಾಕು. ಭುಜದ ತುದಿಯ ಮೂಳೆಯಿಂದ ಮೊಣಕೈ ಮೂಳೆಯ ತುದಿಯವರೆಗಿನ ದೂರದ ನಡುಭಾಗದಲ್ಲಿ, ಬರಿ ತೋಳಿನ ಮೇಲೆ ಟೇಪು ಸುತ್ತಿ ಅಳೆಯಬೇಕು. ಪಟ್ಟಿಯ ಮೇಲೆ ಅದು ಎಷ್ಟು ಸೆಂ.ಮೀ.ನಿಂದ ಎಷ್ಟರವರೆಗಿನ ತೋಳಿಗೆ ಎಂದು ಮುದ್ರಿಸಿರುತ್ತಾರೆ. ಯಂತ್ರದ ಜೊತೆ ಬರುವ ಪಟ್ಟಿ ಅನೇಕ ಸಲ 22ರಿಂದ 32 ಸೆಂ.ಮೀ. ತೋಳಿನದು. ಸುತ್ತಳತೆ ಆ ಮಿತಿಯ ಹೊರಗಿದ್ದರೆ ಅದೇ ಕಂಪನಿಯ, ಅದೇ ಮಾದರಿಯ ಯಂತ್ರಕ್ಕೆಂದೇ ಮಾಡಿದ ಬೇರೆ ಅಳತೆಯ ಪಟ್ಟಿ ಕೊಳ್ಳಬೇಕು. ಬೇರೆ ಕಂಪನಿಯ ಪಟ್ಟಿ ಸಿಕ್ಕಿಸಿದರೆ ಲೆಕ್ಕ ತಪ್ಪಬಹುದು.

ಪಟ್ಟಿ ಸರಿಯಾದ ಮೇಲೆ ಮುಖ್ಯವಾಗುವುದು ಕೈ ಇಡುವ ಜಾಗ. ಪಟ್ಟಿ ಹೃದಯದ ಮಟ್ಟದಲ್ಲಿ, ಎಂದರೆ ಎದೆಯ ನಡುಭಾಗದ ಎತ್ತರದಲ್ಲಿರಬೇಕು. ಅದಕ್ಕಿಂತ 10 ಸೆಂ.ಮೀ. ಕೆಳಗಿದ್ದರೆ ರಕ್ತದ ಭಾರದಿಂದಲೇ ಅಂಕಿ ಸುಮಾರು 7ರಿಂದ 8ರಷ್ಟು ಏರುತ್ತದೆ. ಅದೇ ವಿಶ್ವವಿದ್ಯಾಲಯದ 2024ರ ಇನ್ನೊಂದು ಅಧ್ಯಯನದಲ್ಲಿ, ಕೈಯನ್ನು ಮೇಜಿನ ಮೇಲೆ ಇಡುವ ಬದಲು ತೊಡೆಯ ಮೇಲಿಟ್ಟಾಗ ಎರಡೂ ಅಂಕಿಗಳು ಸುಮಾರು 4ರಷ್ಟು ಹೆಚ್ಚು ಬಂದವು. ಪಕ್ಕಕ್ಕೆ ಜೋತುಬಿಟ್ಟಾಗ ಮೇಲಿನ ಅಂಕಿ 6.5ರಷ್ಟು ಹೆಚ್ಚಿತು.

ಈ ಎರಡು ತಪ್ಪುಗಳು ಒಟ್ಟಿಗೆ ಸೇರಿದಾಗ ಏನಾಗುತ್ತದೆಂದು ಲೆಕ್ಕ ಹಾಕಿ ನೋಡಬಹುದು. ಮಹಿಳೆಯೊಬ್ಬರ ತೋಳಿನ ಸುತ್ತಳತೆ 36 ಸೆಂ.ಮೀ., ನಿಜವಾದ ರಕ್ತದೊತ್ತಡ 134/83 ಎಂದಿಟ್ಟುಕೊಳ್ಳೋಣ. ಅವರು ಸಾಮಾನ್ಯ ಪಟ್ಟಿ ಕಟ್ಟಿ, ಕೈಯನ್ನು ತೊಡೆಯ ಮೇಲಿಟ್ಟು ನೋಡುತ್ತಾರೆ. ಪಟ್ಟಿಯಿಂದ ಮೇಲಿನ ಅಂಕಿಗೆ 5ರಷ್ಟು, ಕೆಳಗಿನದಕ್ಕೆ 2ರಷ್ಟು, ಕೈಯ ಸ್ಥಾನದಿಂದ ಎರಡಕ್ಕೂ 4ರಷ್ಟು ಸೇರಿದರೆ ಪರದೆಯ ಮೇಲೆ 143/89 ಬರುತ್ತದೆ. ಮನೆಯ ಅಳತೆಯಲ್ಲಿ 135/85 ಅಥವಾ ಅದಕ್ಕಿಂತ ಹೆಚ್ಚಿನ ಸರಾಸರಿಯನ್ನು ಅಧಿಕ ರಕ್ತದೊತ್ತಡವೆಂದು ಯುರೋಪಿನ ಮಾರ್ಗಸೂಚಿ ಪರಿಗಣಿಸುತ್ತದೆ. ಅದು ಆಸ್ಪತ್ರೆಯ 140/90ಕ್ಕೆ ಸಮ. ದೇಹದಲ್ಲಿ ಏನೂ ಬದಲಾಗದೆಯೇ ಈ ಮಹಿಳೆ ಗೆರೆ ದಾಟಿದಂತಾಯಿತು. ಇದೇ ತಪ್ಪು ಮತ್ತೆ ಮತ್ತೆ ಆಗುತ್ತಿದ್ದರೆ ಎಷ್ಟು ಸಲ ಅಳೆದರೂ ಸರಾಸರಿ ಸರಿಹೋಗುವುದಿಲ್ಲ.

ಮನೆಯಲ್ಲಿ ಅಳೆಯುವ ಕ್ರಮ ಹೀಗೆ. ಅಳೆಯುವ ಮುಂಚಿನ ಅರ್ಧ ಗಂಟೆ ಕಾಫಿ, ಚಹಾ, ತಂಬಾಕು, ವ್ಯಾಯಾಮ ಬೇಡ. ಮೂತ್ರ ವಿಸರ್ಜನೆ ಮುಗಿಸಿ, ಒರಗುವ ಕುರ್ಚಿಯಲ್ಲಿ ಪಾದಗಳನ್ನು ನೆಲಕ್ಕೂರಿ, ಕಾಲ ಮೇಲೆ ಕಾಲು ಹಾಕದೆ 5 ನಿಮಿಷ ಸುಮ್ಮನೆ ಕೂರಬೇಕು. ಪಟ್ಟಿಯ ಕೆಳ ಅಂಚು ಮೊಣಕೈ ಮಡಿಕೆಗಿಂತ 2ರಿಂದ 3 ಸೆಂ.ಮೀ. ಮೇಲಿರಲಿ, ಒಳಗೆ ಎರಡು ಬೆರಳು ತೂರುವಷ್ಟು ಸಡಿಲವಿದ್ದರೆ ಸಾಕು. ಅಳೆಯುವಾಗ ಮಾತಾಡಬಾರದು, ಮೊಬೈಲ್ ನೋಡಬಾರದು. ಮೊದಲ ಸಲ ಎರಡೂ ತೋಳುಗಳಲ್ಲಿ ಅಳೆದು, ಯಾವುದರಲ್ಲಿ ಹೆಚ್ಚು ಬರುತ್ತದೋ ಆ ತೋಳನ್ನೇ ಮುಂದೆ ಬಳಸಬೇಕು.

ಬೆಳಿಗ್ಗೆ ಮಾತ್ರೆ ಮತ್ತು ತಿಂಡಿಗೆ ಮುಂಚೆ ಎರಡು ಸಲ, ಸಂಜೆ ಎರಡು ಸಲ, ನಡುವೆ ಒಂದೊಂದು ನಿಮಿಷ ಬಿಟ್ಟು, ಏಳು ದಿನ ಅಳೆದರೆ 28 ಅಳತೆಗಳಾಗುತ್ತವೆ. ಮೊದಲ ದಿನದ ನಾಲ್ಕನ್ನು ಕೈಬಿಟ್ಟು ಉಳಿದ 24ರ ಸರಾಸರಿ ತೆಗೆಯಬೇಕು. ಮೊದಲ ದಿನ ಅಂಕಿ ಹೆಚ್ಚು ಬರುವುದೇ ವಾಡಿಕೆ. ಯಂತ್ರದ ಅಭ್ಯಾಸವಾಗುವವರೆಗಿನ ಕಳವಳ ಅದಕ್ಕೆ ಕಾರಣ. ಬಂದ ಅಂಕಿಯನ್ನು ಬಂದ ಹಾಗೆಯೇ ಬರೆಯಬೇಕು. 137 ಬಂದದ್ದನ್ನು 140 ಎಂದೋ 130 ಎಂದೋ ದುಂಡಗೆ ಮಾಡಿದರೆ, ಇಷ್ಟವಾಗದ ಅಂಕಿಯನ್ನು ಬಿಟ್ಟುಬಿಟ್ಟರೆ, ವಾರದ ಶ್ರಮ ವ್ಯರ್ಥ.

ಈ ವಿಧಾನಕ್ಕೂ ಮಿತಿಯಿದೆ. ಏಟ್ರಿಯಲ್ ಫಿಬ್ರಿಲೇಷನ್‌ನಂತೆ ನಾಡಿ ತಾಳತಪ್ಪಿ ಮಿಡಿಯುವವರಲ್ಲಿ ಯಂತ್ರದ ಲೆಕ್ಕ ಏರುಪೇರಾಗುತ್ತದೆ. ಅಂಥವರು ಹೆಚ್ಚು ಸಲ ಅಳೆದು ವೈದ್ಯರಿಗೆ ತೋರಿಸಬೇಕು. ಮಣಿಕಟ್ಟಿನ ಯಂತ್ರದಲ್ಲಿ ಕೈಯ ಎತ್ತರ ಸುಲಭವಾಗಿ ತಪ್ಪುವುದರಿಂದ ತೋಳಿನ ಯಂತ್ರವೇ ಮೇಲು.

180/120 ದಾಟಿದ ಅಂಕಿ ಬಂದರೆ ಐದು ನಿಮಿಷ ಕೂತು ಮತ್ತೆ ಅಳೆಯಬೇಕು. ಆಗಲೂ ಹಾಗೆಯೇ ಇದ್ದರೆ ಅಂದೇ ವೈದ್ಯರನ್ನು ಸಂಪರ್ಕಿಸಬೇಕು. ಜೊತೆಗೆ ಎದೆನೋವು, ಉಸಿರಾಟದ ತೊಂದರೆ, ಒಂದು ಪಕ್ಕದ ಬಲಹೀನತೆ, ಮಾತು ತೊದಲುವುದು ಇವುಗಳಲ್ಲಿ ಯಾವುದಿದ್ದರೂ ಮತ್ತೆ ಅಳೆಯುತ್ತ ಕೂರದೆ ಆಸ್ಪತ್ರೆಗೆ ಹೋಗಬೇಕು. ಉಳಿದ ದಿನಗಳಲ್ಲಿ ಒಂದು ಅಂಕಿ ನೋಡಿ ಮಾತ್ರೆಯನ್ನು ತಾವಾಗಿ ಹೆಚ್ಚಿಸುವುದಾಗಲಿ ನಿಲ್ಲಿಸುವುದಾಗಲಿ ಮಾಡದೆ, ವಾರದ ಪಟ್ಟಿಯನ್ನೂ ಯಂತ್ರವನ್ನೂ ವೈದ್ಯರ ಬಳಿಗೆ ಒಯ್ದು ತೋರಿಸಿ.